ಓದಿನ ಟಿಪ್ಪಣಿ ಪುಸ್ತಕ: ಎರಡು ಪುಟಗಳ ಕ್ರಮ

ವಿದ್ಯಾರ್ಥಿವೇತನದ ಜೊತೆಗೆ ಟ್ರಸ್ಟ್ ಕೊಡುವ 200 ಪುಟಗಳ ಗೆರೆ ಹಾಕಿದ ನೋಟ್‌ಬುಕ್ ಶಾಲೆಯ ಹೋಂವರ್ಕ್‌ಗಲ್ಲ. ಪಠ್ಯದ ಹೊರಗಿನ ಪುಸ್ತಕಗಳನ್ನು ಓದುವಾಗ ಬರೆದಿಡಲು ಅದನ್ನು ಕೊಡಲಾಗುತ್ತಿದೆ. ಹೆಚ್ಚಿನ ಮಕ್ಕಳು ಓದುವುದು ಗ್ರಂಥಾಲಯದ ಪುಸ್ತಕವನ್ನು. ಅದರಲ್ಲಿ ಗೆರೆ ಎಳೆಯುವಂತಿಲ್ಲ, ಹದಿನೈದು ದಿನಗಳಲ್ಲಿ ಹಿಂತಿರುಗಿಸಲೂ ಬೇಕು. ಪುಸ್ತಕ ಕೈಬಿಟ್ಟ ಮೇಲೂ ಓದಿದ್ದು ಉಳಿಯಬೇಕಾದರೆ ಅದಕ್ಕೊಂದು ಜಾಗ ಬೇಕು.

ಪುಟದ ವಿನ್ಯಾಸ

ನೋಟ್‌ಬುಕ್ ತೆರೆದಾಗ ಎದುರುಬದುರು ಕಾಣುವ ಎರಡು ಪುಟಗಳು ಒಂದು ದಿನದ ಓದಿಗೆ. ಮೇಲಿನ ಸಾಲಿನಲ್ಲಿ ದಿನಾಂಕ, ಪುಸ್ತಕ, ಲೇಖಕರ ಹೆಸರು, ಎಷ್ಟನೇ ಪುಟದಿಂದ ಎಷ್ಟನೇ ಪುಟದವರೆಗೆ ಓದಿದ್ದು ಎಂದು ಬರೆಯಬೇಕು.

ಎಡಪುಟ: ಮೆಚ್ಚಿದ ಸಾಲು. ಅಕ್ಷರ ತಪ್ಪದಂತೆ, ಉದ್ಧರಣ ಚಿಹ್ನೆಯೊಳಗೆ ಬರೆದು, ಮಾರ್ಜಿನ್‌ನಲ್ಲಿ ಪುಟಸಂಖ್ಯೆ ಹಾಕಬೇಕು. ದಿನಕ್ಕೆ ಮೂರು ಸಾಲು ಸಾಕು.

ಬಲಪುಟದ ಮೇಲಿನ ಭಾಗ: ನನಗೆ ಅನಿಸಿದ್ದು. ಎಡಗಡೆಯ ಸಾಲಿನ ನೇರಕ್ಕೇ ಬರೆಯಬೇಕು. ಆಗ ಯಾವ ಮಾತಿಗೆ ಯಾವ ಅನಿಸಿಕೆ ಎಂಬುದು ತಿಂಗಳ ಬಳಿಕವೂ ಗೊತ್ತಾಗುತ್ತದೆ.

ಬಲಪುಟದ ಕೊನೆಯ ಹತ್ತು ಗೆರೆ: ಪ್ರಶ್ನೆ. ಒಂದು ಪ್ರಶ್ನೆ ಬರೆದು ಉಳಿದ ಜಾಗವನ್ನು ಖಾಲಿ ಬಿಡಬೇಕು. ಉತ್ತರ ಸಿಕ್ಕ ದಿನ ದಿನಾಂಕ ಹಾಕಿ ಅಲ್ಲೇ ತುಂಬಿಸಬೇಕು.

ಒಂದು ಉದಾಹರಣೆ

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ನಿರಂಜನರ ‘ಚಿರಸ್ಮರಣೆ’ ಓದುತ್ತಿದ್ದಾಳೆ ಎಂದುಕೊಳ್ಳೋಣ. 1955ರಲ್ಲಿ ಬಂದ ಈ ಕಾದಂಬರಿ ಕಯ್ಯೂರಿನ ರೈತರು ಜಮೀನ್ದಾರರ ವಿರುದ್ಧ ನಿಂತ ಕಥೆ. ಅಪ್ಪು, ಚಿರುಕಂಡ ಎಂಬ ಹುಡುಗರು, ಅವರಿಗೆ ದಾರಿ ತೋರಿಸುವ ಮಾಸ್ತರರು ಅದರಲ್ಲಿದ್ದಾರೆ.

ಎಡಪುಟದಲ್ಲಿ ಅವಳು ಮಾಸ್ತರರ ಒಂದು ಮಾತನ್ನು ಬರೆದುಕೊಂಡಳು. ಬಲಗಡೆ, “ಮಾಸ್ತರರು ಈ ಹುಡುಗರ ಜೊತೆ ದೊಡ್ಡವರ ಜೊತೆ ಮಾತಾಡಿದ ಹಾಗೆ ಮಾತಾಡುತ್ತಾರೆ. ನಮ್ಮ ಉಪ್ಪ ಹಾಗೆ ಮಾತಾಡುವುದು ಅಣ್ಣನ ಹತ್ತಿರ ಮಾತ್ರ” ಎಂದು ಬರೆದಳು. ಕೆಳಗೆ ಪ್ರಶ್ನೆ: “ಅಪ್ಪು, ಚಿರುಕಂಡ ನಿಜವಾಗಿ ಇದ್ದವರೇ?”

ಈ ಪ್ರಶ್ನೆಗೆ ಕಾದಂಬರಿಯೊಳಗೆ ಉತ್ತರ ಇಲ್ಲ. ಶಾಲೆಯ ಸಮಾಜ ವಿಜ್ಞಾನದ ಟೀಚರನ್ನು ಕೇಳಿ, ಗ್ರಂಥಾಲಯದಲ್ಲಿ ಹುಡುಕಿ, ಎರಡು ವಾರದ ನಂತರ ಖಾಲಿ ಗೆರೆಗಳಲ್ಲಿ ಅವಳು ಬರೆಯಬಹುದಾದದ್ದು ಇಷ್ಟು: ಅಪ್ಪು, ಚಿರುಕಂಡನ್, ಕುಂಞಂಬು ನಾಯರ್, ಅಬೂಬಕ್ಕರ್ ಎಂಬ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಐದನೆಯವನಿಗೆ ವಯಸ್ಸು ಸಾಲದ್ದರಿಂದ ಗಲ್ಲು ತಪ್ಪಿತು. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು, ಮೊಕದ್ದಮೆಯ ವಿಚಾರಣೆ ನಡೆದದ್ದು ನಮ್ಮ ಮಂಗಳೂರಿನಲ್ಲೇ.

ಅದರ ಕೆಳಗೆ ಇನ್ನೊಂದು ಪ್ರಶ್ನೆ ತಾನಾಗಿ ಹುಟ್ಟುತ್ತದೆ: “ನಿಜವಾದ ಚಿರುಕಂಡನ್ ಮತ್ತು ಕಾದಂಬರಿಯ ಚಿರುಕಂಡ ಎಷ್ಟು ಒಂದೇ?” ಕಥೆ ಯಾವುದು, ಚರಿತ್ರೆ ಯಾವುದು ಎಂದು ಬೇರ್ಪಡಿಸಿ ನೋಡುವುದನ್ನು ಅವಳಿಗೆ ಬೇರೆ ಯಾರೂ ಪಾಠ ಮಾಡಬೇಕಾಗಿಲ್ಲ.

ಎಲ್ಲಿ ತಪ್ಪುತ್ತದೆ?

ಎಡಪುಟ ತುಂಬಿ ಬಲಪುಟ ಖಾಲಿಯಿದ್ದರೆ ಮಗು ನಕಲು ಮಾಡುತ್ತಿದೆ ಎಂದು ತಿಳಿಯಿರಿ. ಸಾಲುಗಳನ್ನು ಒಂದಕ್ಕೆ ಇಳಿಸಲು ಹೇಳಿ.

ಇನ್ನೊಂದು ತೊಂದರೆ ಕಣ್ಣಿಗೆ ಬೇಗ ಬೀಳುವುದಿಲ್ಲ. “ಕಥೆ ತುಂಬಾ ಚೆನ್ನಾಗಿದೆ, ಒಳ್ಳೆಯ ನೀತಿ ಇದೆ” ಎಂಬಂಥ ಬರಹವನ್ನು ಪುಸ್ತಕ ಓದದೆಯೂ ಬರೆಯಬಹುದು. ಪರೀಕ್ಷಿಸುವುದು ಸುಲಭ. ಎಡಪುಟವನ್ನು ಕೈಯಿಂದ ಮುಚ್ಚಿ ಬಲಪುಟ ಮಾತ್ರ ಓದಿ. ಯಾವ ಪುಸ್ತಕದ ಬಗ್ಗೆ ಬರೆದದ್ದೆಂದು ಗೊತ್ತಾಗದಿದ್ದರೆ, “ಯಾವ ಮಾತು ಓದುವಾಗ ಹಾಗನಿಸಿತು?” ಎಂದು ಕೇಳಿ. ಉತ್ತರವಾಗಿ ಮಗು ಹೇಳಿದ್ದನ್ನೇ ಬರೆಯಲಿ.

ಬ್ಯಾರಿ ಮಾತಾಡುವ ಮನೆಯ ಮಕ್ಕಳು ಅನಿಸಿದ್ದನ್ನು ಮೊದಲು ಪುಸ್ತಕದ ಕನ್ನಡಕ್ಕೆ ತಿರುಗಿಸಲು ಹೋಗಿ ಅರ್ಧದಲ್ಲೇ ಬಿಡುವುದುಂಟು. ಬಲಪುಟದಲ್ಲಿ ಕನ್ನಡ ಲಿಪಿಯಲ್ಲಿ ಬ್ಯಾರಿಯಲ್ಲೇ ಬರೆಯಲು ಅಡ್ಡಿಯಿಲ್ಲ. ಅಲ್ಲಿ ಕಾಗುಣಿತವನ್ನೂ ತಿದ್ದಬೇಡಿ. ಎಡಪುಟದ ಸಾಲು ಮಾತ್ರ ಮೂಲದಂತೆಯೇ ಇರಲಿ.

ಪೋಷಕರ ಗಮನಕ್ಕೆ

ಓದು ಬರಹ ಹೆಚ್ಚು ಬಾರದ ತಂದೆ ತಾಯಂದಿರೂ ಇದರಲ್ಲಿ ಪಾಲುಗೊಳ್ಳಬಹುದು. ವಾರಕ್ಕೊಮ್ಮೆ ಮಗುವಿನ ಬಾಯಿಂದ ಒಂದು ಪ್ರಶ್ನೆಯನ್ನು ಓದಿಸಿ ಕೇಳಿ. ಹಳೆಯ ಕಾಲದ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಮನೆಯ ಹಿರಿಯರ ಬಳಿಯೇ ಇರುತ್ತದೆ.

ವಿದ್ಯಾರ್ಥಿವೇತನ ನವೀಕರಣದ ಸಂದರ್ಶನಕ್ಕೆ ಬರುವಾಗ ಈ ನೋಟ್‌ಬುಕ್ ತರಬೇಕು. ಅದಕ್ಕೆ ಅಂಕವಿಲ್ಲ, ಎಷ್ಟು ಪುಟ ತುಂಬಿದೆ ಎಂದು ಎಣಿಸುವುದಿಲ್ಲ. ವಿದ್ಯಾರ್ಥಿ ತಾನೇ ಆರಿಸಿದ ಒಂದು ಪ್ರಶ್ನೆಯ ಬಗ್ಗೆ ಸಮಿತಿಯವರು ಐದು ನಿಮಿಷ ಮಾತಾಡುತ್ತಾರೆ. ಉತ್ತರ ಇನ್ನೂ ಸಿಗದ ಪ್ರಶ್ನೆಯನ್ನೂ ತರಬಹುದು.