ನಲವತ್ತೈದು ಸೆಕೆಂಡಿನ ಮೆಣಸಿನಕಾಯಿ

ಮೇ ತಿಂಗಳ ಕೊನೆಯ ಮಡಗಾಂವ್. ಮಾರುಕಟ್ಟೆಯ ಓಣಿಗೆ ಕಾಲಿಟ್ಟರೆ ಮೊದಲು ಎದುರಾಗುವುದು ವಾಸನೆ. ಒಣಮೀನಿನ ಉಪ್ಪುಗಾಳಿ, ಅದರ ಬೆನ್ನಿಗೇ ಹುಣಸೆ, ಕೋಕಂ, ಆಮೇಲೆ ಮೂಗನ್ನು ಚುರುಗುಟ್ಟಿಸುವ ಮೆಣಸಿನಕಾಯಿಯ ಘಾಟು. ಮಳೆಗಾಲಕ್ಕೆಂದು ಸಾಮಾನು ಕೂಡಿಡುವುದಕ್ಕೆ ಇಲ್ಲಿಯವರು ‘ಪುರುಮೆಂತ್’ ಅನ್ನುತ್ತಾರೆ. ಪೋರ್ಚುಗೀಸರು ಬಿಟ್ಟುಹೋದ ಮಾತು.

ಹಾವೇರಿ ಕಡೆಯ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ, ಬ್ಯಾಡಗಿ ಮೆಣಸಿನಕಾಯಿಯ ಚೀಲಗಳ ನಡುವೆ ಸ್ಟೂಲಿನ ಮೇಲೆ ಕೂತಿದ್ದೇನೆ. ತೊಡೆಯ ಮೇಲೆ ಹಾಳೆ, ನಡುವೆ ಉದ್ದಗೆರೆ: ಎಡಕ್ಕೆ ಕಾಣುವುದು, ಬಲಕ್ಕೆ ಕೇಳುವುದು. ಅವರ ನಲವತ್ತೈದು ಸೆಕೆಂಡಿನ ಜಾಹೀರಾತು ಚಿತ್ರದ ಮೊದಲ ಕರಡು ಇದು. ಮಾತು ಮುಂದೆ ಕೊಂಕಣಿಗೆ ಹೋಗುತ್ತದೆ. ಪದಗಳ ಲೆಕ್ಕ ಮಾತ್ರ ಕನ್ನಡದಲ್ಲಿ. ಅವರ ತಾತ ಇಲ್ಲಿಗೆ ಬಂದ ಕಥೆ, ಹದಿನೈದು ಬಗೆಯ ಮಸಾಲೆ, ಮನೆಗೆ ತಲುಪಿಸುವ ಸೌಕರ್ಯ ಎಲ್ಲ ಸೇರಿ 110 ಪದ. ಗಡಿಯಾರ ಹಿಡಿದು ಜೋರಾಗಿ ಓದಿದೆ: 62 ಸೆಕೆಂಡು.

ಅಷ್ಟರಲ್ಲಿ ಒಬ್ಬ ಅಜ್ಜಿ ಬಂದರು. ರಾಶಿಯಿಂದ ಒಂದು ಮೆಣಸಿನಕಾಯಿ ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಬೀಜ ಗಲಗಲ ಅಂದಿತು. ಚೀಲ ತುಂಬಿಸಿಕೊಂಡು ಹೋದರು. ತೂಕ ಬರಲೆಂದು ನೀರು ಚಿಮುಕಿಸಿದ ಕಾಯಲ್ಲಿ ಬೀಜ ಅಂಟಿಕೊಂಡು ಸುಮ್ಮನಿರುತ್ತದೆ. ಮಳೆ ಹಿಡಿಯುತ್ತಿದ್ದಂತೆ ಬೂಷ್ಟು. ಒಣಗಿದ್ದು ಮಳೆಗಾಲ ದಾಟುತ್ತದೆ. ಹೇಳಬೇಕಾದ್ದು ಇದೊಂದೇ ಎಂದು ಅಲ್ಲೇ ಹೊಳೆಯಿತು.

ಹೊಸ ಹಾಳೆ. ಮೊದಲ 8 ಸೆಕೆಂಡು ಮಾತೇ ಇಲ್ಲ: ಸುಕ್ಕುಗಟ್ಟಿದ ಬೆರಳು, ಕೆಂಪು ಕಾಯಿ, ಗಲಗಲ. ಮುಂದಿನ 17ರಲ್ಲಿ ಅಂಗಡಿ, ಅಜ್ಜಿ, ತಕ್ಕಡಿ. ಆಮೇಲೆ 12 ಸೆಕೆಂಡು ಹಂಚಿನ ಮೇಲೆ ಜಡಿಮಳೆ, ಡಬ್ಬಿಯ ಮುಚ್ಚಳ ತೆಗೆದರೆ ಕಾಯಿ ಇನ್ನೂ ಕೆಂಪಗೆ. ಉಳಿದ 8 ಅಂಗಡಿಯ ಹೆಸರಿಗೆ, ಓಣಿಯ ಗುರುತಿಗೆ, ಒಂದು ಕರೆಗೆ: ‘ಮಳೆಗೆ ಮುಂಚೆ ಬನ್ನಿ, ಅಲ್ಲಾಡಿಸಿ ನೋಡಿ.’ ಮಾತು ಒಟ್ಟು 41 ಪದ. ಸದ್ದಿಗೂ ಜಾಗ ಬೇಕಲ್ಲ.

“ಹುಣಸೀಹಣ್ಣಿನ ಸುದ್ದಿನ ಇಲ್ಲಲ್ರೀ ಸರ?” ಮಾಲೀಕರ ಮುಖ ಸಣ್ಣದಾಯಿತು. “ಫೋನ್ ನಂಬರರ ಹೇಳಸ್ರಿ.”

ಹತ್ತು ಅಂಕಿ ಓದಲು ಆರೇಳು ಸೆಕೆಂಡು ಬೇಕು, ಕೇಳಿದವರಿಗೆ ನೆನಪೂ ಉಳಿಯದು. ಬೇಕಿದ್ದರೆ ಕೊನೆಯ ದೃಶ್ಯದಲ್ಲಿ ದಪ್ಪಕ್ಷರದಲ್ಲಿ ಇರಲಿ ಅಂದೆ. ಹುಣಸೆಗೆ ಇನ್ನೊಂದು ಚಿತ್ರ ಮಾಡೋಣ. ಒಲ್ಲದ ಮನಸ್ಸಿನಿಂದಲೇ ಗೋಣು ಹಾಕಿದರು.

ಮತ್ತೆ ಓದಿದೆ, ಸದ್ದಿನ ಜಾಗದಲ್ಲಿ ನಿಲ್ಲಿಸಿ ನಿಲ್ಲಿಸಿ. 44 ಸೆಕೆಂಡು. ಉಳಿದ ಒಂದನ್ನು ಗಲಗಲಕ್ಕೇ ಕೊಟ್ಟೆ. ನೀವೂ ಈ ಸಲ ಮೆಣಸಿನಕಾಯಿ ಕೊಳ್ಳುವಾಗ ಒಂದನ್ನು ಕಿವಿಗೆ ಹಿಡಿದು ನೋಡಿ.