ರಫ್ ಕಟ್ ಮತ್ತು ಮುಗಿಯದ ಕರೆಕ್ಷನ್

ಚಿತ್ರದ ದೃಶ್ಯಗಳೂ ಮಾತುಗಳೂ ಒಂದು ಕ್ರಮಕ್ಕೆ ಬಂದು, ಬಣ್ಣ, ಸದ್ದು, ಶೀರ್ಷಿಕೆಗಳಿನ್ನೂ ಪಕ್ಕಾ ಆಗಿರದ ಜೋಡಣೆಗೆ ರಫ್ ಕಟ್ ಎನ್ನುತ್ತಾರೆ. ಎಡಿಟರ್‌ಗೆ ಅದು ಕಥೆ ನಿಲ್ಲುತ್ತದೆಯೇ ಎಂದು ನೋಡುವ ಹಂತ. ಹಣ ಕೊಟ್ಟು ಚಿತ್ರ ಮಾಡಿಸುತ್ತಿರುವ ಕ್ಲೈಂಟ್‌ಗೆ ಮಾತ್ರ ಅದು ತನ್ನ ಚಿತ್ರದ ಮೊದಲ ದರ್ಶನ. ಒಬ್ಬರು ಅಸ್ತಿಪಂಜರ ತೋರಿಸುತ್ತಿರುತ್ತಾರೆ, ಇನ್ನೊಬ್ಬರು ಮುಖಲಕ್ಷಣ ಹುಡುಕುತ್ತಿರುತ್ತಾರೆ. ಕರೆಕ್ಷನ್‌ಗಳು ಮುಗಿಯದೆ ಬೆಳೆಯುವುದು ಹೆಚ್ಚಾಗಿ ಈ ವ್ಯತ್ಯಾಸದಿಂದಲೇ. ಕ್ಲೈಂಟ್‌ನ ಹಟಮಾರಿತನ ಅದಕ್ಕೆ ಕಾರಣವಾಗುವುದು ಕಡಿಮೆ.

ಸಹಕಾರಿ ಬ್ಯಾಂಕೊಂದರ ಸುವರ್ಣ ಮಹೋತ್ಸವಕ್ಕೆ ಎಂಟು ನಿಮಿಷದ ಸಾಕ್ಷ್ಯಚಿತ್ರ ತಯಾರಾಗುತ್ತಿದೆ ಎಂದುಕೊಳ್ಳೋಣ. ಶೂಟಿಂಗ್ ಮುಗಿದಿದೆ, ಸಮಾರಂಭಕ್ಕೆ 30 ದಿನ ಉಳಿದಿದೆ. ಇಂಥ ಕೆಲಸದ ವೇಳಾಪಟ್ಟಿಯನ್ನು ಹಿಂದಿನಿಂದ ಮುಂದಕ್ಕೆ ಬರೆಯಬೇಕು. ಸಮಾರಂಭದ ಮುಂಚಿನ ನಾಲ್ಕು ದಿನ ಖಾಲಿ ಇರಲಿ. ಸಭಾಂಗಣದ ಪರದೆಯ ಮೇಲೆ ಓಡಿಸಿ ನೋಡಲು, ಕೊನೆಯ ಗಳಿಗೆಯ ತಪ್ಪು ತಿದ್ದಲು ಅವು ಬೇಕಾಗುತ್ತವೆ. ಅದಕ್ಕೂ ಹಿಂದೆ ಬಣ್ಣ ಮತ್ತು ಸದ್ದಿನ ಕೆಲಸಕ್ಕೆ ಐದಾರು ದಿನ. ಹಾಗಾದರೆ ದೃಶ್ಯಗಳ ಜೋಡಣೆ 20ನೇ ದಿನಕ್ಕೆ ಅಂತಿಮವಾಗಬೇಕು. ರಫ್ ಕಟ್ 10ನೇ ದಿನ ಕ್ಲೈಂಟ್ ಕೈಸೇರಿದರೆ ನಡುವೆ ಎರಡು ಸುತ್ತಿಗೆ ಜಾಗವಿದೆ, ಮೂರನೆಯದಕ್ಕಿಲ್ಲ. ಎರಡು ಸುತ್ತು ಎಂಬ ಮಾತು ಹೀಗೆ ಕ್ಯಾಲೆಂಡರಿನಿಂದ ಹುಟ್ಟಿದರೆ ಕ್ಲೈಂಟ್ ಒಪ್ಪುತ್ತಾರೆ. ಒಪ್ಪಂದದ ಕೊನೆಯ ಪುಟದಲ್ಲಿ ಮಾತ್ರ ಕಂಡರೆ ಅದು ಚೌಕಾಸಿಯ ವಸ್ತುವಾಗುತ್ತದೆ.

ಪ್ರತಿ ಸುತ್ತಿಗೂ ಒಂದೇ ಪ್ರಶ್ನೆ ಇರಬೇಕು. ಮೊದಲ ಸುತ್ತಿನ ಪ್ರಶ್ನೆ ಕಥೆಯದು: ಹೇಳಬೇಕಾದದ್ದು ಬಂದಿದೆಯೇ, ಕ್ರಮ ಸರಿಯಿದೆಯೇ, ಯಾವ ಭಾಗ ಎಳೆದಂತಿದೆ. ಎರಡನೆಯ ಸುತ್ತಿನಲ್ಲಿ ಕೇಳುವುದು ವಿವರಗಳನ್ನು: ಈ ಬೈಟ್ ಸಾಕೇ, ಈ ಶಾಟ್ ಬದಲು ಇನ್ನೊಂದಿದೆಯೇ, ನಿರೂಪಣೆಯ ಸಾಲು ಸರಿಯೇ. ಫೈಲ್ ಕಳಿಸುವಾಗ ಜೊತೆಯ ಪತ್ರದಲ್ಲಿ ಇದನ್ನು ಬಿಡಿಸಿ ಹೇಳಬೇಕು. ಸಂಗೀತ ತಾತ್ಕಾಲಿಕ, ನಿರೂಪಣೆಯ ದನಿ ಎಡಿಟರ್‌ನದೇ, ಬಣ್ಣ ಇನ್ನೂ ಹೊಂದಿಸಿಲ್ಲ. ಇವುಗಳ ಬಗ್ಗೆ ಈಗ ಹೇಳಬೇಕಾಗಿಲ್ಲ ಎಂದು. ಪತ್ರವನ್ನು ಎಲ್ಲರೂ ಓದುವುದಿಲ್ಲವಾದ್ದರಿಂದ ಚಿತ್ರದ ಮೊದಲ ಐದು ಸೆಕೆಂಡಿನಲ್ಲೂ ಅದೇ ಮಾತನ್ನು ಅಕ್ಷರದಲ್ಲಿ ತೋರಿಸುವುದು ಒಳ್ಳೆಯದು. ತಾತ್ಕಾಲಿಕ ಸಂಗೀತದ ಆಯ್ಕೆಯಲ್ಲೂ ಎಚ್ಚರ ಬೇಕು. ಜನಪ್ರಿಯ ಸಿನಿಮಾದ ಬಿಜಿಎಂ ಹಾಕಿಬಿಟ್ಟರೆ ಕ್ಲೈಂಟ್ ಕಿವಿ ಅದಕ್ಕೆ ಒಗ್ಗಿಹೋಗುತ್ತದೆ. ಹಕ್ಕು ಖರೀದಿಸಲಾಗದ ಆ ಸಂಗೀತದ ಮುಂದೆ ಆಮೇಲೆ ಬಂದದ್ದೆಲ್ಲ ಸಪ್ಪೆ.

ರಿವ್ಯೂ ಪ್ರತಿಯ ಮೂಲೆಯಲ್ಲಿ ಟೈಮ್‌ಕೋಡ್ ಓಡುತ್ತಿರಬೇಕು. `00:03:12:08` ಎಂದರೆ ಮೂರು ನಿಮಿಷ, ಹನ್ನೆರಡು ಸೆಕೆಂಡು, ಎಂಟನೇ ಫ್ರೇಮ್. ಕ್ಲೈಂಟ್ ಫ್ರೇಮ್‌ವರೆಗೆ ಹೋಗಬೇಕಿಲ್ಲ, ನಿಮಿಷ ಮತ್ತು ಸೆಕೆಂಡು ಬರೆದರೆ ಸಾಕು. ‘ಆ ಮುದುಕರು ಮಾತಾಡೋ ಜಾಗ’ ಎಂಬ ಟಿಪ್ಪಣಿಗೆ ಚಿತ್ರದಲ್ಲಿ ನಾಲ್ಕು ಜನ ಮುದುಕರಿರುತ್ತಾರೆ. ಫೈಲ್ ಹೆಸರಿನಲ್ಲಿ `BANK50_RC_v01`, `v02` ಎಂದು ಸಂಖ್ಯೆಯೇ ಇರಲಿ, `final` ಎಂಬ ಪದ ಬೇಡ. ಫೈಲನ್ನು ವಾಟ್ಸಾಪ್‌ನಲ್ಲಿ ವಿಡಿಯೊ ಆಗಿ ಕಳಿಸಿದರೆ ಅದು ಕುಗ್ಗಿ ಮಸುಕಾಗುತ್ತದೆ, ಆಗ ಬರುವ ಮೊದಲ ದೂರೇ ‘ಕ್ಲಾರಿಟಿ ಇಲ್ಲ’ ಎಂಬುದು. ಲಿಂಕ್ ಕಳಿಸಿ, ದೊಡ್ಡ ಪರದೆಯಲ್ಲಿ ಒಮ್ಮೆ ನಿಲ್ಲಿಸದೆ ನೋಡಿ, ಎರಡನೇ ಸಲ ಬರೆದುಕೊಳ್ಳಿ ಎಂದು ಕೇಳಿಕೊಳ್ಳಬೇಕು.

ಎಲ್ಲಕ್ಕಿಂತ ಕಷ್ಟದ ಭಾಗ ಜನರದು. ಬ್ಯಾಂಕಿನ ಕಡೆಯಿಂದ ವ್ಯವಸ್ಥಾಪಕರು ಮಾತಾಡುತ್ತಾರೆ, ಆದರೆ ತೀರ್ಮಾನ ಅಧ್ಯಕ್ಷರದು, ನಿರ್ದೇಶಕರು ಐದು ಮಂದಿ. ಕೆಲಸ ಶುರುವಾಗುವ ಮುಂಚೆಯೇ ಎರಡು ಹೆಸರು ಗೊತ್ತಾಗಬೇಕು: ಟಿಪ್ಪಣಿಗಳನ್ನು ಒಟ್ಟುಮಾಡಿ ಒಂದೇ ಪಟ್ಟಿಯಾಗಿ ಕಳಿಸುವವರು ಯಾರು, ಕೊನೆಯ ಮಾತು ಯಾರದು. ಕೊನೆಯ ಮಾತಿನವರು ಮೊದಲ ಸುತ್ತಿನಲ್ಲೇ ನೋಡಬೇಕು. ಅಧ್ಯಕ್ಷರಿಗೆ ಪುರುಸೊತ್ತಿಲ್ಲ, ಕೊನೆಗೆ ತೋರಿಸೋಣ ಎಂದು ವ್ಯವಸ್ಥಾಪಕರು ಹೇಳಿದರೆ ಅದು ಮೂರನೇ ಸುತ್ತಿನ ಮುನ್ಸೂಚನೆ. ಅವರಿಗೆ ಸಮಯ ಸಿಗುವವರೆಗೆ ಮೊದಲ ಸುತ್ತನ್ನೇ ಎರಡು ದಿನ ಮುಂದೂಡುವುದು ಅದಕ್ಕಿಂತ ಅಗ್ಗ.

ಈ ಚಿತ್ರದ ಮೊದಲ ಸುತ್ತಿನಲ್ಲಿ 23 ಟಿಪ್ಪಣಿ ಬಂತೆನ್ನಿ. ಎಡಿಟರ್ ತಕ್ಷಣ ಟೈಮ್‌ಲೈನ್ ತೆರೆಯದೆ ಮೊದಲು ಅವನ್ನು ಬೇರ್ಪಡಿಸಬೇಕು. ಒಂಬತ್ತು ಟಿಪ್ಪಣಿ ಬಣ್ಣ, ಸಂಗೀತ, ಹೆಸರಿನ ಕಾಗುಣಿತಕ್ಕೆ ಸೇರಿದವು. ಅವು ಬೇರೊಂದು ಪಟ್ಟಿಗೆ ಹೋಗಿ ಕಾಯುತ್ತವೆ. ನಾಲ್ಕು ಒಂದಕ್ಕೊಂದು ಅಡ್ಡ: ಸ್ಥಾಪಕರ ಭಾಗ ಹೆಚ್ಚಿಸಿ ಎಂದು ಒಬ್ಬ ನಿರ್ದೇಶಕರು, ಹಳೆಯ ಕಥೆ ಕಡಿಮೆ ಮಾಡಿ ಎಂದು ಇನ್ನೊಬ್ಬರು. ಇದನ್ನು ಎಡಿಟರ್ ತಾನೇ ತೀರ್ಮಾನಿಸಿದರೆ ಒಬ್ಬರ ಮುನಿಸು ಖಚಿತ, ಆದ್ದರಿಂದ ಅದು ಅಧ್ಯಕ್ಷರ ಬಳಿಗೇ ವಾಪಸಾಗಬೇಕು. ಉಳಿದ ಹತ್ತನ್ನು ಜೋಡಿಸಿ ನೋಡಿದರೆ ಮೂರೇ ಸಮಸ್ಯೆ: ಚಿತ್ರ ಹತ್ತೂವರೆ ನಿಮಿಷವಾಗಿದೆ, ಐದನೇ ನಿಮಿಷದ ಹೊತ್ತಿಗೆ ಬೇಸರ ಬರುತ್ತದೆ, ಮಹಿಳಾ ಸ್ವಸಹಾಯ ಸಂಘಗಳ ಪ್ರಸ್ತಾಪವಿಲ್ಲ.

ಇಲ್ಲಿ ಟಿಪ್ಪಣಿಯನ್ನು ಓದುವ ಬಗೆಯೂ ಮುಖ್ಯ. ‘ಐದನೇ ನಿಮಿಷದಲ್ಲಿ ಮ್ಯೂಸಿಕ್ ಬದಲಿಸಿ, ಡಲ್ ಇದೆ’ ಎಂದು ಬರೆದಿರುತ್ತಾರೆ. ಕ್ಲೈಂಟ್‌ಗೆ ಬೇಸರವಾದದ್ದು ನಿಜ, ಅವರು ಸೂಚಿಸಿದ ಮದ್ದು ಸರಿಯಿರಬೇಕೆಂದಿಲ್ಲ. ಮೂರೂವರೆ ನಿಮಿಷದಿಂದ ಒಂದೇ ಬಗೆಯ ಮೂರು ಬೈಟ್ ಸಾಲಾಗಿ ಬಂದಿವೆ. ದಣಿವು ಅಲ್ಲಿ ಶುರುವಾಗಿ ಐದನೇ ನಿಮಿಷದಲ್ಲಿ ಗೊತ್ತಾಗಿದೆ. ಒಂದು ಬೈಟ್ ತೆಗೆದು ಸಂಘದ ಮಹಿಳೆಯರ ದೃಶ್ಯ ಅಲ್ಲಿಟ್ಟರೆ ಎರಡು ಸಮಸ್ಯೆ ಒಟ್ಟಿಗೆ ತೀರಿ ಉದ್ದವೂ ಇಳಿಯುತ್ತದೆ. ಸಂಗೀತ ಮಾತ್ರ ಬದಲಿಸಿದ್ದರೆ ಎರಡನೇ ಸುತ್ತಿನಲ್ಲೂ ಅದೇ ದೂರು ಬೇರೆ ಮಾತಿನಲ್ಲಿ ಬರುತ್ತಿತ್ತು. ಒಂದೇ ಜಾಗದ ಬಗ್ಗೆ ಎರಡು ಸುತ್ತಲ್ಲೂ ಬೇರೆ ಬೇರೆ ದೂರು ಬಂದರೆ ತಪ್ಪು ಆ ಜಾಗದಲ್ಲಿಲ್ಲ, ಅದಕ್ಕೂ ಹಿಂದಿದೆ.

ಎರಡನೇ ಕಟ್ ಜೊತೆ ಪ್ರತಿ ಟಿಪ್ಪಣಿಗೂ ಒಂದು ಸಾಲಿನ ಉತ್ತರ ಹೋಗಬೇಕು: ಮಾಡಿದೆ, ಹೀಗೆ ಬೇರೆ ರೀತಿ ಮಾಡಿದೆ, ಇಂಥ ಕಾರಣಕ್ಕೆ ಮಾಡಿಲ್ಲ. ಉತ್ತರ ಸಿಗದ ಟಿಪ್ಪಣಿ ಮತ್ತೆ ಬರುತ್ತದೆ.

20ನೇ ದಿನದ ಒಪ್ಪಿಗೆಗೆ ಪಿಕ್ಚರ್ ಲಾಕ್ ಎನ್ನುತ್ತಾರೆ. ಅದನ್ನು ಬಾಯಿಮಾತಿನಲ್ಲಿ ಬಿಡದೆ ಇಮೇಲ್‌ನಲ್ಲೋ ಸಹಿಯಲ್ಲೋ ಪಡೆಯುವುದಕ್ಕೆ ಕಾರಣವಿದೆ. ಲಾಕ್ ಆದ ಚಿತ್ರ ಸೌಂಡ್ ಎಂಜಿನಿಯರ್, ಕಲರಿಸ್ಟ್ ಕೈಗೆ ಹೋಗಿ ಬೇರೆ ಬೇರೆ ಪ್ರಾಜೆಕ್ಟ್‌ಗಳಾಗಿ ಒಡೆದಿರುತ್ತದೆ. ಆಮೇಲೆ ಎರಡನೇ ನಿಮಿಷದಲ್ಲಿ ನಾಲ್ಕು ಸೆಕೆಂಡು ಕಿತ್ತರೆ ಉಳಿದ ಆರು ನಿಮಿಷದ ಪ್ರತಿ ಸದ್ದೂ, ಸಂಗೀತದ ಏರಿಳಿತವೂ, ಸಬ್‌ಟೈಟಲ್ಲೂ ಜಾಗ ತಪ್ಪುತ್ತವೆ. ಕತ್ತರಿಸಲು ಒಂದು ನಿಮಿಷ ಸಾಕು. ಮತ್ತೆ ಹೊಂದಿಸಲು ಅರ್ಧ ದಿನವೇ ಬೇಕಾದೀತು. ಅಷ್ಟೇ ಉದ್ದದ ಒಂದು ಶಾಟ್ ಬದಲು ಇನ್ನೊಂದಿಡುವುದು ಆ ಹಂತದಲ್ಲೂ ಸುಲಭ, ಆದ್ದರಿಂದ ಅನಿವಾರ್ಯವಾದಾಗ ಕ್ಲೈಂಟ್ ಮುಂದೆ ಮೊದಲು ಇಡಬೇಕಾದ ದಾರಿ ಅದು.

ಸುತ್ತುಗಳ ಲೆಕ್ಕಕ್ಕೆ ಸೇರದವೂ ಇವೆ. ಎಡಿಟರ್‌ನ ಸ್ವಂತ ತಪ್ಪು, ತಪ್ಪು ಇಸವಿ, ತಪ್ಪಾದ ಹೆಸರು ಯಾವಾಗ ಸಿಕ್ಕರೂ ಪುಕ್ಕಟೆಯಾಗಿಯೇ ತಿದ್ದಬೇಕು. ಹೆಸರು ಮತ್ತು ಹುದ್ದೆಗಳ ಪಟ್ಟಿಯನ್ನು ಕ್ಲೈಂಟ್‌ನಿಂದಲೇ ಟೈಪ್ ಮಾಡಿಸಿ ಪಡೆದರೆ ಇಂಥವು ಕಡಿಮೆಯಾಗುತ್ತವೆ. ಹೊಸ ಶೂಟಿಂಗ್, ಹೊಸ ಅಧ್ಯಾಯ, ಇಂಗ್ಲಿಷ್ ಆವೃತ್ತಿ ಇವೆಲ್ಲ ಬೇರೆ ಕೆಲಸ. ಅವನ್ನು ಇಲ್ಲ ಎನ್ನಬೇಕಿಲ್ಲ, ಎಷ್ಟು ದಿನ, ಎಷ್ಟು ದುಡ್ಡು ಎಂದು ಬರೆದು ಕಳಿಸಿ ಒಪ್ಪಿಗೆ ಬಂದ ಮೇಲೆ ಕೈಹಾಕಬೇಕು.

ಕ್ಲೈಂಟ್ ಉತ್ತರಿಸದೆ ಸುಮ್ಮನಿದ್ದರೆ ಏನು ಎಂಬುದನ್ನೂ ಒಪ್ಪಂದ ಹೇಳಬೇಕು. ಮೂರು ದಿನದಲ್ಲಿ ಉತ್ತರ ಬಾರದಿದ್ದರೆ ಒಪ್ಪಿದಂತೆ ಎಂದು ಬರೆಯುವ ರೂಢಿಯಿದೆ. ಕಾಗದದ ಮೇಲೆ ಅದು ಚೆಂದ, ಆದರೆ ಸುಮ್ಮನಿರುವ ಕ್ಲೈಂಟ್ ಬಹುತೇಕ ಇನ್ನೂ ನೋಡಿರುವುದೇ ಇಲ್ಲ. ಉತ್ತರ ಎಷ್ಟು ದಿನ ತಡವೋ ಚಿತ್ರ ಕೈಸೇರುವುದೂ ಅಷ್ಟೇ ದಿನ ತಡ ಎಂಬ ಷರತ್ತು ಹೆಚ್ಚು ಕೆಲಸ ಮಾಡುತ್ತದೆ. ಸಮಾರಂಭದ ತಾರೀಖು ಮುಂದೆ ಹೋಗದ ಈ ಚಿತ್ರದಲ್ಲಿ ಅದಕ್ಕೂ ಮಿತಿಯಿದೆ, ತಡವಾದ ದಿನ ಎರಡನೇ ಸುತ್ತಿನಿಂದಲೇ ಕಳೆದುಹೋಗುತ್ತದೆ. 13ನೇ ದಿನ ಬರಬೇಕಾದ ಪಟ್ಟಿ 17ಕ್ಕೆ ಬಂದರೆ ಕಥೆಯ ತಿದ್ದುಪಡಿಗಳನ್ನು ಮಾತ್ರ ಮಾಡಲಾಗುವುದು, ವಿವರಗಳಿಗೆ ಮತ್ತೊಂದು ಸುತ್ತು ಇರುವುದಿಲ್ಲ ಎಂದು ಆ ದಿನವೇ ವ್ಯವಸ್ಥಾಪಕರಿಗೆ ಬರೆದು ತಿಳಿಸಬೇಕು.