ಮೇಲೇರುವ ಮಾತು, ತಡೆದಿಟ್ಟ ಮಾತು

ಯೂಟ್ಯೂಬಿನಲ್ಲಿ ಒಂದು ಸಂಗೀತ ಕಚೇರಿಯನ್ನೋ ಉಪನ್ಯಾಸವನ್ನೋ ಕೇಳಿ ಮುಗಿಸಿದವರು, ಅದರ ಕೆಳಗೆ ಇತರರು ಬರೆದ ಅಭಿಪ್ರಾಯಗಳತ್ತ ಕಣ್ಣು ಹಾಯಿಸುವುದುಂಟು. ಅಲ್ಲಿ ಸಾವಿರ ಅಭಿಪ್ರಾಯಗಳಿದ್ದರೂ ನಾವು ಓದುವುದು ಮೇಲಿನ ಎಂಟೋ ಹತ್ತೋ ಮಾತ್ರ. ಉಳಿದವು ಇದ್ದೂ ಇಲ್ಲದಂತೆ. ಹಾಗಾದರೆ ಆ ಹತ್ತನ್ನು ಆರಿಸಿದವರು ಯಾರು?

ಬಂದ ಕ್ರಮದಲ್ಲಿ, ಹೊಸದು ಮೊದಲು ಎಂಬಂತೆ ಓದುವ ಅವಕಾಶವೂ ಅಲ್ಲಿದೆ. ಆದರೆ ಸಾಮಾನ್ಯವಾಗಿ ನಮ್ಮೆದುರು ತೆರೆದುಕೊಳ್ಳುವುದು ‘ಟಾಪ್ ಕಾಮೆಂಟ್ಸ್’ ಎಂಬ ಇನ್ನೊಂದು ಕ್ರಮ. ಇದನ್ನು ಗಣಕಯಂತ್ರ ಜೋಡಿಸುತ್ತದೆ. ಎಷ್ಟು ಮಂದಿ ಮೆಚ್ಚುಗೆ ಒತ್ತಿದರು, ಎಷ್ಟು ಮಂದಿ ಮರುನುಡಿದರು ಎಂಬಂಥ ಗುರುತುಗಳೇ ಅದಕ್ಕೆ ಆಧಾರ. ಯಾವ ಗುರುತಿಗೆ ಎಷ್ಟು ತೂಕ ಎಂಬುದನ್ನು ಸಂಸ್ಥೆ ಗುಟ್ಟಾಗಿಯೇ ಇಟ್ಟಿದೆ. ವಿಡಿಯೋದ ಒಡೆಯನು ತಾನೇ ಒಂದನ್ನು ಮೇಲೆ ಸಿಕ್ಕಿಸಿಟ್ಟರೆ ಅದು ಮಾತ್ರ ಈ ಎಣಿಕೆಗೆ ಹೊರತು. ಇನ್ನೊಂದು ಸಂಗತಿ: ಮೇಲೆ ಇದ್ದುದನ್ನು ಹೆಚ್ಚು ಜನ ನೋಡುತ್ತಾರೆ, ಹೆಚ್ಚು ಜನ ನೋಡಿದ್ದಕ್ಕೆ ಹೆಚ್ಚು ಮೆಚ್ಚುಗೆ ಬೀಳುತ್ತದೆ, ಬಿದ್ದ ಮೆಚ್ಚುಗೆ ಅದನ್ನು ಮೇಲೆಯೇ ನಿಲ್ಲಿಸುತ್ತದೆ. ಮೊದಲ ಗಂಟೆಯಲ್ಲಿ ಬಂದವನಿಗೆ ಸಂಜೆ ಬಂದ ಜಾಣನಿಗಿಂತ ಅನುಕೂಲ ಹೆಚ್ಚು.

ಎಣಿಕೆಯ ದೌರ್ಬಲ್ಯ ಬಯಲಾದದ್ದು 2013ರ ನವೆಂಬರಿನಲ್ಲಿ. ಆಗ ಯೂಟ್ಯೂಬು ತನ್ನ ಅಭಿಪ್ರಾಯಗಳ ವ್ಯವಸ್ಥೆಯನ್ನು ಗೂಗಲ್ ಪ್ಲಸ್ ಎಂಬ ಜಾಲಕ್ಕೆ ಬೆಸೆಯಿತು. ಒಡೆಯನ ಮಾತು, ಹೆಸರಾಂತರ ಮಾತು, ಓದುಗನ ಪರಿಚಿತರ ಮಾತು, ಬಿಸಿಬಿಸಿ ಚರ್ಚೆ ಎಬ್ಬಿಸಿದ ಮಾತು, ಇವು ಮೇಲೇರತಕ್ಕವು ಎಂದು ಗೊತ್ತುಮಾಡಿತು. ಇದೇ ವೇಳೆಗೆ ಮೊದಲಿದ್ದ 500 ಅಕ್ಷರಗಳ ಮಿತಿ ಹೋಯಿತು. ಕೊಂಡಿಗಳನ್ನು ಸೇರಿಸುವ ಅವಕಾಶವೂ ದೊರೆಯಿತು. ಫಲವೇನು? ಪುಟಗಟ್ಟಲೆ ಅಕ್ಷರಚಿತ್ರಗಳು, ಮೋಸದ ಕೊಂಡಿಗಳು, ಬೇರೆಯವರ ಹೆಸರಿನ ವೇಷ ತೊಟ್ಟವರು. ಹೊಸ ವ್ಯವಸ್ಥೆ ದುರುಪಯೋಗಕ್ಕೂ ಹೊಸ ದಾರಿ ತೆರೆಯಿತೆಂದು ಸಂಸ್ಥೆಯೇ ಅದೇ ತಿಂಗಳು ಒಪ್ಪಿಕೊಂಡು ತಿದ್ದುಪಡಿಗಳನ್ನು ಪ್ರಕಟಿಸಬೇಕಾಯಿತು. ತೊಡಕಿನ ಬೇರು ಸರಳ. ಒಬ್ಬನು ಕೊಳಕು ಮಾತಾಡುತ್ತಾನೆ. ಇಪ್ಪತ್ತು ಮಂದಿ ಸಜ್ಜನರು ಅವನನ್ನು ಖಂಡಿಸಿ ಮರುನುಡಿಯುತ್ತಾರೆ. ಯಂತ್ರಕ್ಕೆ ಕಾಣುವುದು ಇಪ್ಪತ್ತು ಉತ್ತರಗಳು. ಹೊಗಳಿಕೆಯೋ ಜಗಳವೋ ಎಂಬುದು ಬರಿಯ ಸಂಖ್ಯೆಯಿಂದ ತಿಳಿಯದು. ಸಿಟ್ಟಾದ ಸಜ್ಜನರೇ ಕೊಳಕನ್ನು ಎತ್ತಿ ಪೀಠದ ಮೇಲಿಟ್ಟಂತಾಯಿತು!

ಆದ್ದರಿಂದ ಶ್ರೇಣಿಯು ಚರ್ಚೆಯನ್ನು ಜೋಡಿಸಬಲ್ಲುದೇ ಹೊರತು ಶುಚಿಮಾಡಲಾರದು. ಶುಚಿಯ ಕೆಲಸ ಎಣಿಕೆ ಆರಂಭವಾಗುವ ಮೊದಲೇ ನಡೆಯಬೇಕು. ಅದಕ್ಕಿರುವ ಉಪಾಯವೇ ತಡೆದಿಡುವುದು. ಅನುಮಾನಾಸ್ಪದವಾದುದನ್ನು ಯಂತ್ರ ಪ್ರಕಟಿಸದೆ ಒಡೆಯನ ಪರಿಶೀಲನೆಗಾಗಿ ಪಕ್ಕಕ್ಕಿಡುತ್ತದೆ. ಯಾರಿಗೂ ಕಾಣದ ಮಾತಿಗೆ ಮರುನುಡಿಯಿಲ್ಲ; ಮರುನುಡಿಯಿಲ್ಲದ್ದು ಮೇಲೇರುವಂತಿಲ್ಲ. ಒಡೆಯನು ಅದನ್ನು ಪ್ರಕಟಿಸಬಹುದು, ಅಳಿಸಬಹುದು, ಬರೆದವನನ್ನೇ ತನ್ನ ವಾಹಿನಿಯಿಂದ ಮರೆಮಾಡಬಹುದು. ತಡೆದಿಟ್ಟವು 60 ದಿನಗಳವರೆಗೆ ಪರಿಶೀಲನೆಗೆ ಸಿಗುತ್ತವೆ. ಜರಡಿಯ ಕಣ್ಣನ್ನು ಸಣ್ಣದು ದೊಡ್ಡದು ಮಾಡಿಕೊಳ್ಳಲೂಬಹುದು. ಬೇಕಿದ್ದರೆ ಎಲ್ಲವನ್ನೂ ತಡೆಯಬಹುದು.

ಇದರ ಜೊತೆಗೆ ಒಡೆಯನು ತಾನೇ ನಿಷಿದ್ಧ ಪದಗಳ ಪಟ್ಟಿಯೊಂದನ್ನು ಕೊಡಬಹುದು. ಕನ್ನಡಿಗನಿಗೆ ಇಲ್ಲಿಯೇ ನಿಜವಾದ ಪೇಚು. ಬೀದಿನಾಯಿಗಳ ಸಮಸ್ಯೆಯನ್ನು ಕುರಿತ ಒಂದು ಕನ್ನಡ ಉಪನ್ಯಾಸವನ್ನು ಊಹಿಸಿಕೊಳ್ಳಿ. ಕೆಲವರು ಉಪನ್ಯಾಸಕರನ್ನೇ ‘ನಾಯಿ’ ಎಂದು ಬೈದರು. ಒಡೆಯನು ಆ ಪದವನ್ನು ಪಟ್ಟಿಗೆ ಸೇರಿಸಿದ. ಮರುದಿನ ನೋಡಿದರೆ, ‘ನಮ್ಮ ಬೀದಿಯಲ್ಲಿ ನಾಯಿ ಕಾಟ ಹೆಚ್ಚು’ ಎಂದು ಬರೆದ ಗೃಹಿಣಿಯ ಮಾತು ತಡೆಯಲ್ಲಿ ಬಿದ್ದಿದೆ! ಬೈದವರೋ, ಅದೇ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬಗೆಬಗೆಯಾಗಿ ಬರೆದು ನುಸುಳಿದ್ದಾರೆ. ವಿಭಕ್ತಿ ಹತ್ತಿದರೆ ರೂಪವೇ ಬದಲಾಗುವ ನಮ್ಮ ನುಡಿಯಲ್ಲಿ ಒಂದು ಬೈಗುಳಕ್ಕೆ ಹತ್ತು ನಮೂದುಗಳು ಬೇಕಾದಾವು. ಪಟ್ಟಿಗೆ ಪದ ಗೊತ್ತು, ಪ್ರಸಂಗ ಗೊತ್ತಿಲ್ಲ.

ಇದಕ್ಕೆ ಬೇಸತ್ತು ಎಲ್ಲವನ್ನೂ ತಡೆದಿಡುವವರಿದ್ದಾರೆ. ಪುಟವೇನೋ ನಿರ್ಮಲವಾಗಿರುತ್ತದೆ. ಆದರೆ ಒಡೆಯನು ಮೂರು ದಿನಕ್ಕೊಮ್ಮೆ ಬಂದು ಬಿಡುಗಡೆ ಮಾಡಿದರೆ, ಕೇಳಿದವರ ಉತ್ಸಾಹ ಆರಿರುತ್ತದೆ, ಮರುಮಾತಿಗೆ ಜನವಿರುವುದಿಲ್ಲ. ನನಗೆ ಸರಿಯೆನಿಸುವುದು ನಡುದಾರಿ: ಪರಿಚಿತರಾದ ಒಳ್ಳೆಯ ಕೇಳುಗರನ್ನು ಅನುಮತಿ ಪಡೆದವರ ಪಟ್ಟಿಗೆ ಸೇರಿಸಿದರೆ ಅವರ ಮಾತು ಜರಡಿಯಿಲ್ಲದೆ ಪ್ರಕಟವಾಗುತ್ತದೆ. ಉಳಿದವರದನ್ನು ಯಂತ್ರ ಸೋಸಲಿ. ವಿಡಿಯೋ ಬಿಡುಗಡೆಯಾದ ಮೊದಲ ಸಂಜೆ ಒಡೆಯನು ತಡೆದಿಟ್ಟವುಗಳನ್ನು ಎರಡು ಮೂರು ಸಲ ಓದಲಿ. ಆ ರಾಶಿಯಲ್ಲಿ ಬೈಗುಳಕ್ಕಿಂತ ಒಳ್ಳೆಯ ಮಾತೇ ಹೆಚ್ಚು ಕಂಡರೆ, ಪಟ್ಟಿಯಿಂದ ಕೆಲವು ಪದಗಳನ್ನು ತೆಗೆಯುವ ಸಮಯ ಬಂದಿದೆಯೆಂದೇ ಅರ್ಥ.